ಬಾಡಿಗೆಗೆ ಕೊಟ್ಟ ಫ್ಲ್ಯಾಟು: ಎರಡು ಕಾಗದ, ಒಂದು ಲೆಕ್ಕ

ಫ್ಲ್ಯಾಟ್ ಬಾಡಿಗೆಗೆ ಕೊಟ್ಟಿರುವವರು ರಿಟರ್ನ್ಸ್ ಫೈಲ್ ಮಾಡೋ ಹೊತ್ತಿಗೆ ಸಾಮಾನ್ಯವಾಗಿ ಎರಡು ಥರ ಯೋಚನೆ ಮಾಡ್ತಾರೆ. ಒಂದು, "ಬಾಡಿಗೆ ಬರೋದು ಇಪ್ಪತ್ತೆರಡು ಸಾವಿರ, ಇಎಂಐ ಹೋಗೋದು ಮೂವತ್ನಾಲ್ಕು ಸಾವಿರ. ಲಾಭವೇ ಇಲ್ಲ, ಇನ್ನೇನು ತೋರಿಸೋದು?" ಇನ್ನೊಂದು, "ನಾನು ಹೊಸ ಪದ್ಧತಿಯಲ್ಲಿದ್ದೀನಿ, ಹೋಮ್ ಲೋನ್ ಬಡ್ಡಿಗೆ ಅಲ್ಲಿ ಏನೂ ಸಿಗಲ್ಲ." ಎರಡೂ ತಪ್ಪು. ಮೊದಲನೆಯದು ನೋಟಿಸ್ ತರಿಸುತ್ತೆ, ಎರಡನೆಯದು ಕಟ್ಟಬೇಕಿಲ್ಲದ ತೆರಿಗೆ ಕಟ್ಟಿಸುತ್ತೆ.

ಈ ಲೆಕ್ಕಕ್ಕೆ ಮುಖ್ಯವಾಗಿ ಬೇಕಾಗೋದು ಎರಡು ಕಾಗದ. ನೀವು ಬಾಡಿಗೆದಾರರಿಗೆ ಕೊಟ್ಟ ರಸೀದಿಗಳ ಪ್ರತಿ, ಮತ್ತು ಬ್ಯಾಂಕ್ ಕೊಡುವ ಹೋಮ್ ಲೋನ್ ಬಡ್ಡಿ ಪ್ರಮಾಣಪತ್ರ. ಇವೆರಡರ ಮಧ್ಯೆ ಮನೆ ಕಂದಾಯ ಕಟ್ಟಿದ ಚೀಟಿ ಒಂದು ಬರುತ್ತೆ. ಇಷ್ಟನ್ನು ಸರಿಯಾಗಿ ಓದೋದು ಹೇಗೆ ಅನ್ನೋದನ್ನ ಈ ಸಲ ಒಂದೇ ಉದಾಹರಣೆ ಹಿಡಿದು ನೋಡೋಣ.

ಉದಾಹರಣೆ ಯಾರದ್ದು?

ಬೆಂಗಳೂರಿನಲ್ಲಿ ಕೆಲಸ ಮಾಡುವ ಒಬ್ಬ ಇಂಜಿನಿಯರ್ ಅಂದುಕೊಳ್ಳಿ. ವರ್ಷದ ಸಂಬಳ 16 ಲಕ್ಷ. ಕೆಂಗೇರಿ ಕಡೆ ಒಂದು ಫ್ಲ್ಯಾಟ್ ಇದೆ, ಒಬ್ಬರ ಹೆಸರಿನಲ್ಲೇ ಇದೆ. ಸಾಲ 40 ಲಕ್ಷ, ಶೇ. 8.5 ಬಡ್ಡಿ, 20 ವರ್ಷದ ಅವಧಿ, ತಿಂಗಳ ಇಎಂಐ 34,713 ರೂಪಾಯಿ. ಕಟ್ಟಡ ಕಟ್ಟುತ್ತಿರುವಾಗಲೇ ಬುಕ್ ಮಾಡಿದ್ದರಿಂದ 2023ರ ಮಾರ್ಚ್ ತನಕ ಪ್ರೀ-ಇಎಂಐ ಬಡ್ಡಿ ಮಾತ್ರ ಕಟ್ಟಿದ್ದರು. 2023ರ ಏಪ್ರಿಲ್‌ನಿಂದ ಪೂರ್ತಿ ಇಎಂಐ ಶುರು, ಮೇ ತಿಂಗಳಲ್ಲಿ ಕೀಲಿ ಕೈಗೆ ಬಂತು. ಬಡ್ಡಿ ದರ ಮಧ್ಯದಲ್ಲಿ ಬದಲಾಗಿಲ್ಲ ಅಂತಿಟ್ಟುಕೊಳ್ಳೋಣ.

ನಾವು ಲೆಕ್ಕ ಹಾಕುತ್ತಿರುವುದು 2025-26ರ ಹಣಕಾಸು ವರ್ಷಕ್ಕೆ, ಅಂದ್ರೆ 2025ರ ಏಪ್ರಿಲ್ 1ರಿಂದ 2026ರ ಮಾರ್ಚ್ 31ರವರೆಗೆ. 2026ರ ಏಪ್ರಿಲ್‌ನಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದಿದ್ದರೂ ಈ ವರ್ಷದ ಲೆಕ್ಕ 1961ರ ಹಳೆಯ ಕಾಯ್ದೆಯ ಪ್ರಕಾರವೇ ನಡೆಯುತ್ತೆ.

ಮೊದಲ ಕಾಗದ: ರಸೀದಿ ಕಂತೆ

ಬಹಳಷ್ಟು ಜನ ಬಾಡಿಗೆ ಎಷ್ಟು ಬಂತು ಅಂತ ನೋಡೋಕೆ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೀತಾರೆ. ಅಲ್ಲೇ ಲೆಕ್ಕ ಜಾರೋದು. ತೆರಿಗೆಗೆ ಬೇಕಿರುವುದು ಆ ವರ್ಷದ ತಿಂಗಳುಗಳಿಗೆ ಸಲ್ಲಬೇಕಾದ ಬಾಡಿಗೆ. ದುಡ್ಡು ಅಕೌಂಟಿಗೆ ಯಾವತ್ತು ಬಿತ್ತು ಅನ್ನೋದು ಮುಖ್ಯ ಅಲ್ಲ. ರಸೀದಿಯಲ್ಲಿ "ಇಂಥ ತಿಂಗಳ ಬಾಡಿಗೆ" ಅಂತ ಬರೆದಿರುತ್ತಲ್ಲ, ಆ ಸಾಲೇ ನಿಮಗೆ ಆಧಾರ.

ನಮ್ಮ ಇಂಜಿನಿಯರ್ ಕಥೆ ನೋಡಿ. ಹಳೆಯ ಬಾಡಿಗೆದಾರರು ತಿಂಗಳಿಗೆ 22,000 ಕೊಡುತ್ತಿದ್ದರು. ಮುಗಿದ ತಿಂಗಳ ಬಾಡಿಗೆಯನ್ನು ಮುಂದಿನ ತಿಂಗಳ 5ರಂದು ಹಾಕೋದು ಅವರ ರೂಢಿ. ಆಗಸ್ಟ್ ಕೊನೆಗೆ ಮನೆ ಖಾಲಿ ಮಾಡಿದರು. ಹೋಗುವಾಗ ಎಲ್ಲರೂ ಹೇಳೋ ಮಾತನ್ನೇ ಹೇಳಿದರು: "ಸಾರ್, ಆಗಸ್ಟ್ ಬಾಡಿಗೇನ ಅಡ್ವಾನ್ಸ್‌ನಲ್ಲೇ ಹಿಡ್ಕೊಂಡ್ಬಿಡಿ." ಸೆಪ್ಟೆಂಬರ್ ಮನೆ ಖಾಲಿ ಇತ್ತು. ಅಕ್ಟೋಬರ್‌ನಿಂದ ಹೊಸಬರು ಬಂದರು, ಬಾಡಿಗೆ 24,000.

ಈಗ ಬ್ಯಾಂಕ್ ಸ್ಟೇಟ್‌ಮೆಂಟ್ ಏನು ಹೇಳುತ್ತೆ? ಹಳಬರಿಂದ ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಐದು ಸಲ 22,000. ಹೊಸಬರಿಂದ ನವೆಂಬರ್‌ನಿಂದ ಮಾರ್ಚ್‌ವರೆಗೆ ಐದು ಸಲ 24,000. ಒಟ್ಟು 2,30,000.

ಆದರೆ ಏಪ್ರಿಲ್ 5ರಂದು ಬಂದ 22,000 ಹಿಂದಿನ ಮಾರ್ಚ್‌ನ ಬಾಡಿಗೆ. ಅದು ಹಿಂದಿನ ವರ್ಷದ ಲೆಕ್ಕಕ್ಕೆ ಹೋಗಬೇಕು. ಆಗಸ್ಟ್ ಬಾಡಿಗೆ ಅಕೌಂಟಿಗೆ ಬಂದೇ ಇಲ್ಲ, ಆದರೆ ಅಡ್ವಾನ್ಸ್‌ನಲ್ಲಿ ಹಿಡಿದುಕೊಂಡಾಗಲೇ ಅದು ನಿಮಗೆ ಸಂದ ಬಾಡಿಗೆ ಆಯಿತು. 2026ರ ಮಾರ್ಚ್ ಬಾಡಿಗೆ ಏಪ್ರಿಲ್ 5ರಂದು ಬಂದರೂ ಈ ವರ್ಷದ್ದೇ. ಹಾಗಾಗಿ ಸರಿಯಾದ ಲೆಕ್ಕ ಹೀಗೆ:

ಏಪ್ರಿಲ್–ಆಗಸ್ಟ್, 5 ತಿಂಗಳು × 22,000 = 1,10,000
ಸೆಪ್ಟೆಂಬರ್ ಖಾಲಿ = 0
ಅಕ್ಟೋಬರ್–ಮಾರ್ಚ್, 6 ತಿಂಗಳು × 24,000 = 1,44,000
ಒಟ್ಟು = 2,54,000

ಬ್ಯಾಂಕ್ ಲೆಕ್ಕಕ್ಕೂ ಇದಕ್ಕೂ 24,000 ವ್ಯತ್ಯಾಸ. ಅಡ್ವಾನ್ಸ್‌ನಲ್ಲಿ ಹಿಡಿದುಕೊಂಡ ತಿಂಗಳಿಗೂ ಒಂದು ರಸೀದಿ ಬರೆದು "ಅಡ್ವಾನ್ಸ್‌ನಲ್ಲಿ ಹೊಂದಾಣಿಕೆ" ಅಂತ ನಮೂದಿಸಿ ಇಟ್ಟುಕೊಳ್ಳಿ. ಇಲ್ಲದಿದ್ದರೆ ಎರಡು ವರ್ಷ ಕಳೆದ ಮೇಲೆ ಆ ತಿಂಗಳು ಏನಾಯ್ತು ಅಂತ ನಿಮಗೇ ನೆನಪಿರಲ್ಲ. ಇನ್ನು ಹೊಸಬರು ಮನೆಗೆ ಬರುವಾಗ ಕೊಟ್ಟ ಅಡ್ವಾನ್ಸ್ ವಾಪಸ್ ಕೊಡಬೇಕಾದ ದುಡ್ಡು. ಅದು ಬಾಡಿಗೆ ಅಲ್ಲ, ಇಲ್ಲಿ ಸೇರಿಸಬೇಡಿ.

ಖಾಲಿ ಇದ್ದ ಸೆಪ್ಟೆಂಬರ್‌ಗೆ ಕಾಲ್ಪನಿಕ ಬಾಡಿಗೆ ಹಾಕಬೇಕಾ ಅಂತ ಕೇಳಬಹುದು. ಬೇಡ. ವರ್ಷದಲ್ಲಿ ಬಾಡಿಗೆಗೆ ಕೊಟ್ಟಿದ್ದ ಮನೆ ಮಧ್ಯೆ ಕೆಲಕಾಲ ಖಾಲಿ ಉಳಿದು, ಅದರಿಂದ ಬಾಡಿಗೆ ಕಮ್ಮಿ ಆಗಿದ್ದರೆ ಕಾನೂನು ನಿಜವಾಗಿ ಸಂದ ಬಾಡಿಗೆಯನ್ನೇ ತಗೊಳ್ಳುತ್ತೆ. ಆದರೆ ಒಂದು ಎಚ್ಚರಿಕೆ. 24,000 ಬಾಳುವ ಮನೆಯನ್ನು ಭಾವಮೈದುನನಿಗೆ 8,000ಕ್ಕೆ ಕೊಟ್ಟಿದ್ದರೆ ಈ ರಿಯಾಯಿತಿ ಸಿಗಲ್ಲ. ಆಗ ಆ ಮನೆಗೆ ನ್ಯಾಯವಾಗಿ ಬರಬೇಕಿದ್ದ ಬಾಡಿಗೆಯನ್ನೇ ಹಿಡಿದು ಲೆಕ್ಕ ಹಾಕಬೇಕಾಗುತ್ತೆ.

ರಸೀದಿಯಲ್ಲಿ ಬರೆದದ್ದು ಇನ್ನೊಬ್ಬರ ಲೆಕ್ಕದಲ್ಲೂ ಇದೆ

ಹೊಸ ಬಾಡಿಗೆದಾರರು ಅಸೋಸಿಯೇಷನ್‌ಗೆ ತಿಂಗಳಿಗೆ 3,000 ಮೇಂಟೆನೆನ್ಸ್ ನೇರವಾಗಿ ಕಟ್ಟುತ್ತಾರೆ. ಜನವರಿಯಲ್ಲಿ ಆಫೀಸಿನವರು ಎಚ್‌ಆರ್‌ಎ ದಾಖಲೆ ಕೇಳಿದಾಗ ಅವರು ನಿಮ್ಮ ಹತ್ತಿರ ಬಂದು, "ಸಾರ್, ಹೇಗೂ ತಿಂಗಳಿಗೆ 27 ಹೋಗ್ತಾ ಇದೆ, ರಸೀದಿಲಿ 27 ಅಂತಾನೇ ಬರೆದುಕೊಡಿ" ಅಂದರು ಅಂತಿಟ್ಟುಕೊಳ್ಳಿ. ಒಂದು ಸಹಿ ತಾನೇ ಅನ್ನಿಸಬಹುದು.

ಆದರೆ ಆ ರಸೀದಿಯ ಜೊತೆ ನಿಮ್ಮ ಪ್ಯಾನ್ ನಂಬರೂ ಹೋಗುತ್ತೆ. ವರ್ಷದ ಬಾಡಿಗೆ ಒಂದು ಲಕ್ಷ ದಾಟಿದರೆ ಎಚ್‌ಆರ್‌ಎ ಕೇಳುವ ನೌಕರರು ಮನೆ ಮಾಲೀಕರ ಪ್ಯಾನ್ ಕೊಡಲೇಬೇಕು. ಹೀಗೆ ಇಲಾಖೆಗೆ ತಲುಪುವ ಮಾಹಿತಿಯ ಪ್ರಕಾರ ನಿಮಗೆ ಆರು ತಿಂಗಳಲ್ಲಿ ಬಂದದ್ದು 1,62,000. ನೀವು ತೋರಿಸಿದ್ದು 1,44,000. ಆ 18,000ಕ್ಕೆ ಉತ್ತರ ಕೊಡಬೇಕಾದವರು ನೀವು, ಅವರಲ್ಲ.

ಹಾಗಾಗಿ ಅಗ್ರಿಮೆಂಟ್‌ನಲ್ಲೇ ಬಾಡಿಗೆ ಇಷ್ಟು, ಮೇಂಟೆನೆನ್ಸ್ ಬಾಡಿಗೆದಾರರೇ ಅಸೋಸಿಯೇಷನ್‌ಗೆ ನೇರ ಕಟ್ಟತಕ್ಕದ್ದು ಅಂತ ಬೇರೆ ಬೇರೆ ಬರೆಸಿ. ರಸೀದಿಯಲ್ಲಿ ಬಾಡಿಗೆ ಮಾತ್ರ ಬರಲಿ. ನಗದಾಗಿ 5,000ಕ್ಕಿಂತ ಜಾಸ್ತಿ ತಗೊಂಡಿದ್ದರೆ ಒಂದು ರೂಪಾಯಿಯ ರೆವಿನ್ಯೂ ಸ್ಟ್ಯಾಂಪ್ ಅಂಟಿಸಿ ಅದರ ಮೇಲೆ ಸಹಿ ಹಾಕಿ. ಕೊಟ್ಟ ಪ್ರತಿ ರಸೀದಿಯದ್ದೂ ಮೊಬೈಲಲ್ಲಿ ಒಂದು ಫೋಟೋ ಇರಲಿ.

ನಿಮ್ಮ ಹೆಸರಿನಲ್ಲಿ ಏನು ವರದಿಯಾಗಿದೆ ಅಂತ ನೋಡೋಕೆ ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಎಐಎಸ್ ಅನ್ನೋ ವಾರ್ಷಿಕ ಮಾಹಿತಿ ಪಟ್ಟಿ ಇದೆ. ಬೇರೆಯವರು ವರದಿ ಮಾಡಿದ ಬಾಡಿಗೆಯೂ ಅದರಲ್ಲಿ ಕಾಣಿಸಿಕೊಳ್ಳಬಹುದು. ಫೈಲ್ ಮಾಡುವ ಮುಂಚೆ ಅದನ್ನೊಮ್ಮೆ ನಿಮ್ಮ ರಸೀದಿ ಮೊತ್ತದ ಪಕ್ಕ ಇಟ್ಟು ನೋಡಿ.

ಮಧ್ಯದ ಎರಡು ಕಡಿತ

ಬಾಡಿಗೆ ಮೊತ್ತ ಸಿಕ್ಕ ಮೇಲೆ ಮೊದಲು ಕಳೆಯೋದು ಪಾಲಿಕೆಗೆ ಕಟ್ಟಿದ ಆಸ್ತಿ ತೆರಿಗೆ, ನಮ್ಮ ಮಾತಲ್ಲಿ ಮನೆ ಕಂದಾಯ. ಇದಕ್ಕೆ ಎರಡು ಷರತ್ತು. ಮಾಲೀಕರಾದ ನೀವೇ ಕಟ್ಟಿರಬೇಕು, ಮತ್ತು ಆ ಹಣಕಾಸು ವರ್ಷದಲ್ಲೇ ನಿಜವಾಗಿ ಕಟ್ಟಿರಬೇಕು. ಬಾಡಿಗೆ ವಿಷಯದಲ್ಲಿ ಯಾವ ತಿಂಗಳದ್ದು ಅಂತ ನೋಡಿದೆವು, ಕಂದಾಯದ ವಿಷಯದಲ್ಲಿ ಯಾವತ್ತು ಕಟ್ಟಿದಿರಿ ಅಂತ ನೋಡಬೇಕು. ನಮ್ಮ ಇಂಜಿನಿಯರ್ 2025ರ ಏಪ್ರಿಲ್‌ನಲ್ಲಿ 6,000 ಕಟ್ಟಿದ್ದಾರೆ.

2,54,000 – 6,000 = 2,48,000

ಎರಡನೆಯದು ಈ ಉಳಿದ ಮೊತ್ತದ ಮೇಲೆ ಶೇ. 30ರ ನೇರ ಕಡಿತ. ಇದಕ್ಕೆ ಬಿಲ್ ಬೇಡ, ಖರ್ಚು ತೋರಿಸೋದೂ ಬೇಡ.

2,48,000ರ ಶೇ. 30 = 74,400
ಉಳಿದದ್ದು = 1,73,600

ಬಿಲ್ ಬೇಡ ಅನ್ನೋದಕ್ಕೆ ಇನ್ನೊಂದು ಮುಖವೂ ಇದೆ. ಸೆಪ್ಟೆಂಬರ್‌ನಲ್ಲಿ ಮನೆಗೆ ಬಣ್ಣ ಹೊಡೆಸಿದ್ದು, ಗೀಸರ್ ರಿಪೇರಿ, ಬ್ರೋಕರ್‌ಗೆ ಕೊಟ್ಟ ಒಂದು ತಿಂಗಳ ಬಾಡಿಗೆ, ಮನೆ ವಿಮೆ, ಎಲ್ಲವೂ ಈ ಶೇ. 30ರೊಳಗೇ ಬಂತು. ನೀವು ಒಂದು ರೂಪಾಯಿ ಖರ್ಚು ಮಾಡದಿದ್ದರೂ 74,400 ಸಿಗುತ್ತೆ, ಒಂದು ಲಕ್ಷ ಖರ್ಚು ಮಾಡಿದ್ದರೂ ಅಷ್ಟೇ ಸಿಗೋದು.

ಎರಡನೇ ಕಾಗದ: ಬಡ್ಡಿ ಪ್ರಮಾಣಪತ್ರ

ಈಗ ಬ್ಯಾಂಕಿನ ಕಾಗದಕ್ಕೆ ಬರೋಣ. ನಮ್ಮ ಇಂಜಿನಿಯರ್ ವರ್ಷದಲ್ಲಿ ಕಟ್ಟಿದ ಇಎಂಐ 12 × 34,713, ಅಂದ್ರೆ 4,16,556. ಪ್ರಮಾಣಪತ್ರ ಅದನ್ನು ಎರಡು ಭಾಗ ಮಾಡಿ ತೋರಿಸುತ್ತೆ: ಬಡ್ಡಿ 3,22,251, ಅಸಲು 94,305.

ಬಾಡಿಗೆಯಿಂದ ಕಳೆಯೋದು ಬಡ್ಡಿ ಮಾತ್ರ. ಅಸಲಿಗೂ ಬಾಡಿಗೆಗೂ ಸಂಬಂಧ ಇಲ್ಲ. ಹಳೆಯ ಪದ್ಧತಿಯಲ್ಲಿರುವವರು ಅಸಲನ್ನು 80ಸಿ ಅಡಿ, ಪಿಎಫ್ ಮುಂತಾದವುಗಳ ಜೊತೆ ಒಟ್ಟು ಒಂದೂವರೆ ಲಕ್ಷದ ಮಿತಿಯೊಳಗೆ ತೋರಿಸಬಹುದು. ಹೊಸ ಪದ್ಧತಿಯಲ್ಲಿ ಅದೂ ಇಲ್ಲ. "ಇಎಂಐ ಜಾಸ್ತಿ, ಬಾಡಿಗೆ ಕಮ್ಮಿ, ಆದ್ದರಿಂದ ನಷ್ಟ" ಅನ್ನೋ ವಾದ ನಿಲ್ಲದಿರೋದು ಇದಕ್ಕೇ.

ಪ್ರಮಾಣಪತ್ರದಲ್ಲಿ ನೋಡಬೇಕಾದ್ದು ಮುಖ್ಯವಾಗಿ ಮೂರು.

ಮೊದಲನೆಯದು, ಮೇಲ್ಗಡೆ "ಪ್ರೊವಿಷನಲ್" ಅಂತ ಇದೆಯಾ? ಡಿಸೆಂಬರ್–ಜನವರಿಯಲ್ಲಿ ಆಫೀಸಿಗೆ ಕೊಡೋಕೆ ಅಂತ ಇಳಿಸಿಕೊಂಡದ್ದು ಅಂದಾಜಿನ ಪತ್ರ. ಆಮೇಲೆ ಬಡ್ಡಿ ದರ ಇಳಿದಿದ್ದರೆ ಅಥವಾ ನೀವು ಬೋನಸ್ ದುಡ್ಡಲ್ಲಿ ಒಂದಿಷ್ಟು ಸಾಲ ಮುಂಚೆಯೇ ತೀರಿಸಿದ್ದರೆ ಆ ಅಂಕಿ ಹಳತಾಗಿರುತ್ತೆ. ರಿಟರ್ನ್ಸ್‌ಗೆ ಮಾರ್ಚ್ 31 ಕಳೆದ ಮೇಲೆ ಬರುವ ಅಂತಿಮ ಪತ್ರವನ್ನೇ ತಗೊಳ್ಳಿ. ಬಡ್ಡಿ ಮತ್ತು ಅಸಲು ಕೂಡಿದರೆ ನಿಮ್ಮ ಅಕೌಂಟಿಂದ ಸಾಲಕ್ಕೆ ಹೋದ ಒಟ್ಟು ಮೊತ್ತಕ್ಕೆ ತಾಳೆ ಆಗುತ್ತಾ ಅಂತ ಒಮ್ಮೆ ನೋಡಿ. ಆಗದಿದ್ದರೆ ಕಾರಣ ಬ್ಯಾಂಕಿನಲ್ಲಿ ಕೇಳಿ.

ಎರಡನೆಯದು, ಅದರಲ್ಲಿ ಯಾರ ಯಾರ ಹೆಸರಿದೆ? ಗಂಡ ಹೆಂಡತಿ ಇಬ್ಬರೂ ಸಮಪಾಲು ಮಾಲೀಕರು, ಸಾಲವೂ ಇಬ್ಬರದ್ದು, ಕಂತನ್ನೂ ಅರ್ಧರ್ಧ ಕಟ್ಟುತ್ತಿದ್ದಾರೆ ಅಂದರೆ ಬಾಡಿಗೆ, ಕಂದಾಯ, ಬಡ್ಡಿ ಎಲ್ಲವನ್ನೂ ಅರ್ಧರ್ಧ ಹಂಚಿ ಇಬ್ಬರೂ ತಮ್ಮ ತಮ್ಮ ರಿಟರ್ನ್ಸ್‌ನಲ್ಲಿ ತೋರಿಸಬೇಕು. ಬಾಡಿಗೆಯೆಲ್ಲ ಕಮ್ಮಿ ಸಂಬಳದವರಿಗೆ, ಬಡ್ಡಿಯೆಲ್ಲ ಜಾಸ್ತಿ ಸಂಬಳದವರಿಗೆ ಅಂತ ಹಂಚೋಕಾಗಲ್ಲ. ಇನ್ನು ಕ್ರಯಪತ್ರದಲ್ಲಿ ಹೆಸರಿಲ್ಲದೆ ಸಾಲದಲ್ಲಿ ಮಾತ್ರ ಹೆಸರಿರುವವರಿಗೆ ಬಡ್ಡಿ ಕಡಿತ ಸಿಗಲ್ಲ.

ಮೂರನೆಯದು, ಅದು ಯಾವ ಸಾಲದ್ದು? ಅದೇ ಮನೆ ಮೇಲೆ ಟಾಪ್-ಅಪ್ ತಗೊಂಡು ಕಾರು ಕೊಂಡಿದ್ದರೆ ಆ ಬಡ್ಡಿ ಇಲ್ಲಿ ಬರಲ್ಲ. ಮನೆ ಕೊಳ್ಳೋಕೆ, ಕಟ್ಟೋಕೆ, ರಿಪೇರಿಗೆ ಅಥವಾ ನವೀಕರಣಕ್ಕೆ ಬಳಸಿದ ಸಾಲದ ಬಡ್ಡಿ ಮಾತ್ರ ಲೆಕ್ಕಕ್ಕೆ.

ಪತ್ರದಲ್ಲಿ ಕಾಣದ ಬಡ್ಡಿ

ಈ ವರ್ಷದ ಪ್ರಮಾಣಪತ್ರದಲ್ಲಿ ಇರದ, ಆದರೆ ನಿಮಗೆ ಸಲ್ಲಬೇಕಾದ ಒಂದು ಮೊತ್ತ ಇದೆ. ಕೀಲಿ ಸಿಗುವ ಮುಂಚೆ ಕಟ್ಟಿದ ಬಡ್ಡಿ. ಕಟ್ಟಡ ಮುಗಿದ ಹಣಕಾಸು ವರ್ಷದ ಹಿಂದಿನ ಮಾರ್ಚ್ 31ರವರೆಗೆ ಕಟ್ಟಿದ ಬಡ್ಡಿಯನ್ನೆಲ್ಲ ಕೂಡಿಸಿ, ಐದು ಸಮ ಕಂತು ಮಾಡಿ, ಕಟ್ಟಡ ಮುಗಿದ ವರ್ಷದಿಂದ ಶುರುಮಾಡಿ ವರ್ಷಕ್ಕೊಂದರಂತೆ ಕಳೆಯಬಹುದು.

ನಮ್ಮ ಉದಾಹರಣೆಯಲ್ಲಿ 2023ರ ಮಾರ್ಚ್ 31ರವರೆಗಿನ ಪ್ರೀ-ಇಎಂಐ ಬಡ್ಡಿ 1,50,000 ಅಂತಿಟ್ಟುಕೊಳ್ಳಿ. ಅದರ ಐದನೇ ಒಂದು ಪಾಲು 30,000. ಕಟ್ಟಡ ಮುಗಿದದ್ದು 2023-24ರಲ್ಲಿ, ಹಾಗಾಗಿ 2025-26 ಮೂರನೇ ಕಂತು. 2027-28ಕ್ಕೆ ಕೊನೆಯ ಕಂತು. ಇದನ್ನು ಯಾವ ಬ್ಯಾಂಕೂ ನೆನಪಿಸಲ್ಲ. ಆ ಹಳೆಯ ವರ್ಷಗಳ ಪ್ರಮಾಣಪತ್ರಗಳನ್ನು ನೀವೇ ಇಳಿಸಿಕೊಂಡು ಇಟ್ಟುಕೊಳ್ಳಬೇಕು. ಸಾಲ ಬೇರೆ ಬ್ಯಾಂಕಿಗೆ ವರ್ಗ ಮಾಡುವ ಯೋಚನೆ ಇದ್ದರೆ ಹಳೆ ಬ್ಯಾಂಕಿನ ಲಾಗಿನ್ ಮುಚ್ಚುವ ಮುಂಚೆಯೇ ಈ ಕೆಲಸ ಮುಗಿಸಿ.

ಈಗ ಪೂರ್ತಿ ಲೆಕ್ಕ:

ವರ್ಷದ ಬಾಡಿಗೆ = 2,54,000
ಕಳೆಯಿರಿ, ಕಂದಾಯ = 6,000
ಉಳಿದದ್ದು = 2,48,000
ಕಳೆಯಿರಿ, ಶೇ. 30 = 74,400
ಉಳಿದದ್ದು = 1,73,600
ಕಳೆಯಿರಿ, ಈ ವರ್ಷದ ಬಡ್ಡಿ = 3,22,251
ಕಳೆಯಿರಿ, ಹಳೆ ಬಡ್ಡಿಯ ಕಂತು = 30,000
ಫಲಿತಾಂಶ: ನಷ್ಟ 1,78,651

ಗಮನಿಸಿ, ಇಲ್ಲಿ ಬಡ್ಡಿಗೆ ಎರಡು ಲಕ್ಷದ ಮಿತಿ ಹಾಕಿಲ್ಲ. ಆ ಮಿತಿ ನೀವೇ ವಾಸವಿರುವ ಮನೆಯ ಬಡ್ಡಿಗೆ. ಬಾಡಿಗೆಗೆ ಕೊಟ್ಟ ಮನೆಗೆ ಬಡ್ಡಿ ಪೂರ್ತಿ ಕಳೆಯಬಹುದು. ಇಲ್ಲಿ ಬರುವ ಎರಡು ಲಕ್ಷ ಬೇರೆ, ಅದು ಮುಂದಿನ ಹಂತದಲ್ಲಿ.

ಈ ನಷ್ಟ ಎಲ್ಲಿಗೆ ಹೋಗುತ್ತೆ?

ಇಲ್ಲಿಂದ ದಾರಿ ಎರಡಾಗುತ್ತೆ.

ಹಳೆಯ ಪದ್ಧತಿಯಲ್ಲಿ ಮನೆಯ ನಷ್ಟವನ್ನು ಸಂಬಳದ ಆದಾಯದಿಂದ ಕಳೆಯಬಹುದು, ವರ್ಷಕ್ಕೆ ಗರಿಷ್ಠ ಎರಡು ಲಕ್ಷದವರೆಗೆ. ನಷ್ಟ ಅದಕ್ಕಿಂತ ಜಾಸ್ತಿ ಇದ್ದರೆ ಮಿಕ್ಕಿದ್ದನ್ನು ಮುಂದಿನ ಎಂಟು ವರ್ಷದವರೆಗೆ ಒಯ್ಯಬಹುದು, ಆದರೆ ಆಗ ಮನೆ ಬಾಡಿಗೆ ಆದಾಯದಿಂದ ಮಾತ್ರ ಕಳೆಯಬೇಕು. ನಮ್ಮ ನಷ್ಟ 1,78,651 ಮಿತಿಯೊಳಗೇ ಇದೆ, ಪೂರ್ತಿ ಸಂಬಳದಿಂದ ಹೋಗುತ್ತೆ. ಶೇ. 30ರ ಹಂತದಲ್ಲಿ, ಸೆಸ್ ಸೇರಿ, ಇದರ ಬೆಲೆ ಸುಮಾರು 55,700 ರೂಪಾಯಿ.

ಹೊಸ ಪದ್ಧತಿಯಲ್ಲಿ ಬಾಡಿಗೆ ಮನೆಯ ಬಡ್ಡಿ ಕಳೆಯೋಕೆ ಅಡ್ಡಿ ಇಲ್ಲ. ಆದರೆ ನಷ್ಟ ಸಂಬಳದ ಕಡೆ ದಾಟಲ್ಲ. ಬಾಡಿಗೆ ಆದಾಯ ಸೊನ್ನೆ ಆಗುತ್ತೆ, ಅಲ್ಲಿಗೆ ನಿಂತಿತು. ಅದೇನು ಮಹಾ ಅನ್ನಬೇಡಿ. "ಹೊಸ ಪದ್ಧತಿಯಲ್ಲಿ ಬಡ್ಡಿ ಇಲ್ಲ" ಅಂದುಕೊಂಡು ನಮ್ಮ ಇಂಜಿನಿಯರ್ ಪ್ರಮಾಣಪತ್ರ ಬಳಸದೇ ಹೋಗಿದ್ದರೆ 1,73,600 ಅವರ ಸಂಬಳದ ಮೇಲೆ ಕೂಡಿ, ಸುಮಾರು 32,200 ರೂಪಾಯಿ ಸುಮ್ಮನೆ ಹೆಚ್ಚಿಗೆ ಕಟ್ಟುತ್ತಿದ್ದರು.

ಹಾಗಾದರೆ ಯಾವುದು ಲಾಭ? ನಷ್ಟ ಸಂಬಳದಿಂದ ಹೋಗುತ್ತೆ ಅಂದ ಮಾತ್ರಕ್ಕೆ ಹಳೆಯದು ಗೆಲ್ಲಲ್ಲ. ಎರಡನ್ನೂ ಹಾಕಿ ನೋಡೋಣ.

ಹಳೆಯ ಪದ್ಧತಿ: 16,00,000ದಿಂದ 50,000 ಸ್ಟ್ಯಾಂಡರ್ಡ್ ಡಿಡಕ್ಷನ್, 1,78,651 ಮನೆಯ ನಷ್ಟ, 80ಸಿ ಅಡಿ 1,50,000 ಕಳೆದರೆ ಉಳಿಯೋದು ಸುಮಾರು 12,21,350. ಸೆಸ್ ಸೇರಿ ತೆರಿಗೆ 1,86,060.

ಹೊಸ ಪದ್ಧತಿ: 16,00,000ದಿಂದ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ 15,25,000. ಬಾಡಿಗೆಯಿಂದ ಸೇರೋದು ಸೊನ್ನೆ. ಸೆಸ್ ಸೇರಿ ತೆರಿಗೆ 1,13,100.

ಹೊಸದೇ 72,960 ಕಮ್ಮಿ. ಅಪ್ಪ ಅಮ್ಮನ ಮನೆಯಲ್ಲಿದ್ದು ಬಾಡಿಗೆ ಕಟ್ಟದವರಿಗೆ ಇಲ್ಲಿಗೆ ತೀರ್ಮಾನ ಆಯಿತು.

ಆದರೆ ನಮ್ಮ ಇಂಜಿನಿಯರ್ ಆಫೀಸಿಗೆ ಹತ್ತಿರ ಅಂತ ವೈಟ್‌ಫೀಲ್ಡ್‌ನಲ್ಲಿ ತಾವೂ ಬಾಡಿಗೆ ಮನೆಯಲ್ಲಿದ್ದಾರೆ ಅಂದುಕೊಳ್ಳಿ. ಕೆಂಗೇರಿಯ ಮನೆ ಕೊಟ್ಟು ವೈಟ್‌ಫೀಲ್ಡ್‌ನಲ್ಲಿ ಬಾಡಿಗೆಗಿರೋದು ಬೆಂಗಳೂರಲ್ಲಿ ಹೊಸದೇನಲ್ಲ. ಹಳೆಯ ಪದ್ಧತಿಯಲ್ಲಿ ಅವರು ತಮ್ಮ ಬಾಡಿಗೆಗೆ ಎಚ್‌ಆರ್‌ಎ ವಿನಾಯಿತಿಯನ್ನೂ, ಕೊಟ್ಟ ಮನೆಯ ಬಡ್ಡಿಯನ್ನೂ ಎರಡನ್ನೂ ಪಡೆಯಬಹುದು. ಎಚ್‌ಆರ್‌ಎ ವಿನಾಯಿತಿ 3 ಲಕ್ಷ ಬಂದರೆ ತೆರಿಗೆಗೆ ಒಳಪಡುವ ಆದಾಯ 9,21,350ಕ್ಕೆ ಇಳಿಯುತ್ತೆ, ತೆರಿಗೆ 1,00,640 ಆಗುತ್ತೆ. ಈಗ ಹಳೆಯದೇ 12,460 ಕಮ್ಮಿ.

ಅಂದ್ರೆ ಈ ಉದಾಹರಣೆಯಲ್ಲಿ ತೀರ್ಪು ಬದಲಿಸಿದ್ದು ಹೋಮ್ ಲೋನ್ ಒಂದೇ ಅಲ್ಲ, ಅದರ ಜೊತೆ ಎಚ್‌ಆರ್‌ಎ ಸೇರಿದ್ದು. ನಿಮ್ಮ ಅಂಕಿಗಳನ್ನು ಇದೇ ಕ್ರಮದಲ್ಲಿ ಹಾಕಿ ನೋಡಿದರೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತೆ. ವ್ಯಾಪಾರದ ಆದಾಯ ಇಲ್ಲದ ಸಂಬಳದಾರರು ಪ್ರತಿ ವರ್ಷ ರಿಟರ್ನ್ಸ್ ಹಾಕುವಾಗ ಪದ್ಧತಿ ಆರಿಸಿಕೊಳ್ಳಬಹುದು. ವರ್ಷದ ಶುರುವಲ್ಲಿ ಆಫೀಸಿಗೆ ಹೊಸದು ಅಂತ ಹೇಳಿದ್ದರೂ ಪರವಾಗಿಲ್ಲ. ಆದರೆ ಹಳೆಯದು ಬೇಕಿದ್ದರೆ ಕೊನೆಯ ದಿನಾಂಕದೊಳಗೆ, ಅಂದ್ರೆ ಸಾಮಾನ್ಯವಾಗಿ ಜುಲೈ 31ರೊಳಗೆ, ಫೈಲ್ ಮಾಡಿಬಿಡಬೇಕು. ಒಂದು ದಿನ ತಡವಾದರೂ ಹೊಸದೇ ಗತಿ.

ಫಾರಂ ತುಂಬುವಾಗ

ರಿಟರ್ನ್ಸ್‌ನ ಹೌಸ್ ಪ್ರಾಪರ್ಟಿ ಭಾಗದಲ್ಲಿ ಮನೆಯನ್ನು "ಲೆಟ್ ಔಟ್" ಅಂತ ಗುರುತಿಸಿ. ಬಾಡಿಗೆ ಕಾಲಂನಲ್ಲಿ 2,54,000 ಬರಲಿ, ಎಲ್ಲ ಕಳೆದ ಮೇಲಿನ ಮೊತ್ತ ಅಲ್ಲ. ಕಂದಾಯಕ್ಕೆ ಬೇರೆ ಕಾಲಂ ಇದೆ. ಶೇ. 30ನ್ನು ಫಾರಂ ತಾನೇ ಹಾಕಿಕೊಳ್ಳುತ್ತೆ. ನೀವೇ ಮೊದಲು ಕಳೆದು ಬರೆದರೆ ಎರಡು ಸಲ ಕಳೆದಂತಾಗುತ್ತೆ.

ಬಡ್ಡಿ ಕಾಲಂಗೆ ಬಂದಾಗ ಬರೀ ಮೊತ್ತ ಸಾಲದು. ಸಾಲ ಕೊಟ್ಟ ಬ್ಯಾಂಕಿನ ಹೆಸರು, ಸಾಲದ ಖಾತೆ ಸಂಖ್ಯೆ, ಮಂಜೂರಾದ ದಿನಾಂಕ, ಒಟ್ಟು ಸಾಲ, ಮಾರ್ಚ್ 31ಕ್ಕೆ ಬಾಕಿ ಇರುವ ಸಾಲ, ಇವನ್ನೂ ಕೇಳುತ್ತೆ. ಇದರಲ್ಲಿ ಹೆಚ್ಚಿನವು ಪ್ರಮಾಣಪತ್ರದಲ್ಲಿ ಅಥವಾ ಸಾಲದ ಸ್ಟೇಟ್‌ಮೆಂಟ್‌ನಲ್ಲಿ ಇರುತ್ತವೆ. ಮುಂಚೆಯೇ ತೆಗೆದಿಟ್ಟುಕೊಂಡರೆ ಮಧ್ಯದಲ್ಲಿ ಪೋರ್ಟಲ್ ಲಾಗ್ ಔಟ್ ಆಗೋ ಕಿರಿಕಿರಿ ತಪ್ಪುತ್ತೆ.

ತಿಂಗಳ ಬಾಡಿಗೆ 50,000 ದಾಟಿದ್ದರೆ ಬಾಡಿಗೆದಾರರು ಶೇ. 2 ಟಿಡಿಎಸ್ ಹಿಡಿದು ಕಟ್ಟಿರಬೇಕು. ಆಗಲೂ ಬಾಡಿಗೆ ಕಾಲಂನಲ್ಲಿ ಬರೆಯೋದು ಪೂರ್ತಿ ಬಾಡಿಗೆ, ಕೈಗೆ ಬಂದದ್ದಲ್ಲ. ಹಿಡಿದ ಟಿಡಿಎಸ್ ತೆರಿಗೆಯಲ್ಲಿ ವಜಾ ಆಗುತ್ತೆ.

ಫೈಲ್ ಮಾಡಿದ ಮೇಲೆ ಇವಿಷ್ಟನ್ನು ಒಂದೇ ಫೋಲ್ಡರಿಗೆ ಹಾಕಿ: ಬಾಡಿಗೆ ಅಗ್ರಿಮೆಂಟ್, ಹನ್ನೊಂದು ತಿಂಗಳ ರಸೀದಿ ಪ್ರತಿ, ಕಂದಾಯದ ಚೀಟಿ, ಅಂತಿಮ ಬಡ್ಡಿ ಪ್ರಮಾಣಪತ್ರ, ಪ್ರೀ-ಇಎಂಐ ವರ್ಷಗಳ ಹಳೆ ಪ್ರಮಾಣಪತ್ರಗಳು. ಜೊತೆಗೆ ಒಂದು ಸಣ್ಣ ಚೀಟಿಯಲ್ಲಿ "ಸೆಪ್ಟೆಂಬರ್ ಖಾಲಿ, ಆಗಸ್ಟ್ ಅಡ್ವಾನ್ಸ್‌ನಲ್ಲಿ, ಹಳೆ ಬಡ್ಡಿ 5ರಲ್ಲಿ 3ನೇ ಕಂತು" ಅಂತ ಬರೆದಿಡಿ. ಮುಂದಿನ ವರ್ಷ ನಾಲ್ಕನೇ ಕಂತು ಹಾಕೋವಾಗ ಅದೇ ನಿಮಗೆ ದಾರಿ ತೋರಿಸುತ್ತೆ.